ಫೀಲ್ಡ್ ಬದಲಿಸುವ ಅನುಭವಿಗಳ ರೆಸ್ಯೂಮೆ: ಕ್ರಿಯಾಪದ ಮತ್ತು ಬುಲೆಟ್ ಸಾಲುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತು ಹದಿನೈದು ವರ್ಷ ಒಂದೇ ಫೀಲ್ಡಿನಲ್ಲಿ ದುಡಿದು ಈಗ ಬೇರೆ ಕಡೆ ಅರ್ಜಿ ಹಾಕುತ್ತಿರುವವರಿಗೆ ಈ ಪುಟ. ಪೂರ್ತಿ ರೆಸ್ಯೂಮೆ ಬರೆಯುವುದು ಹೇಗೆ ಅಂತ ಇಲ್ಲಿ ಹೇಳುತ್ತಿಲ್ಲ. ಅನುಭವದ ಭಾಗದಲ್ಲಿ ಬರುವ ಬುಲೆಟ್ ಸಾಲುಗಳು, ಆ ಸಾಲು ಶುರುವಾಗುವ ಕ್ರಿಯಾಪದ, ಅಷ್ಟೇ ವಿಷಯ.

ಎಲ್ಲ ಉತ್ತರಕ್ಕೂ ಒಬ್ಬರನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಪೀಣ್ಯದ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ 14 ವರ್ಷ ಕೆಲಸ. ಚೆಕರ್ ಆಗಿ ಸೇರಿ, ಸೂಪರ್‌ವೈಸರ್ ಆಗಿ, ಕೊನೆಯ 6 ವರ್ಷ ಫ್ಲೋರ್ ಇನ್‌ಚಾರ್ಜ್. ಈಗ ನೆಲಮಂಗಲದ ಕಡೆಯ ಒಂದು ಆನ್‌ಲೈನ್ ಮಾರಾಟದ ವೇರ್‌ಹೌಸ್‌ನಲ್ಲಿ ಶಿಫ್ಟ್ ಮ್ಯಾನೇಜರ್ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾರೆ. ಇವರನ್ನು ಸುಮ್ನೆ ‘ಇನ್‌ಚಾರ್ಜ್’ ಅಂತ ಕರೆಯೋಣ. ಮುಂದೆ ಬರುವ ಅಂಕಿಗಳೆಲ್ಲ ಉದಾಹರಣೆಗೆ ಕಟ್ಟಿದವು. ನಿಮ್ಮ ಫೀಲ್ಡ್ ಬೇರೆ ಇರಬಹುದು, ಆದರೆ ಕೆಲಸ ಮಾಡುವ ರೀತಿ ಇದೇ.

ಇನ್ನೊಂದು ಮಾತು. ಇಂಥ ರೆಸ್ಯೂಮೆಯನ್ನು ನಾವು ಬರೆಯುವುದು ಇಂಗ್ಲಿಷಿನಲ್ಲಿ. ಇಲ್ಲಿ ಸಾಲಿನ ಮೊದಲ ಕ್ರಿಯಾಪದವನ್ನು ಮಾತ್ರ ಇಂಗ್ಲಿಷಿನದ್ದೇ ಇಟ್ಟು, ಉಳಿದದ್ದನ್ನು ಕನ್ನಡದಲ್ಲಿ ಬರೆದಿದ್ದೇನೆ. ಸಾಲಿನಲ್ಲಿ ಏನೇನು ಇರಬೇಕು ಅನ್ನುವುದು ಹೀಗೆ ಬೇಗ ಕಾಣುತ್ತದೆ.

ಸಾಲು ಕ್ರಿಯಾಪದದಿಂದಲೇ ಯಾಕೆ ಶುರುವಾಗಬೇಕು?

ರೆಸ್ಯೂಮೆ ನೋಡುವವರು ಮೊದಲ ಸಲ ಅದನ್ನು ಓದುವುದಿಲ್ಲ, ಕಣ್ಣಾಡಿಸುತ್ತಾರೆ. ಕಣ್ಣು ಎಡಗಡೆಯ ಅಂಚಿನಲ್ಲಿ ಮೇಲಿಂದ ಕೆಳಗೆ ಇಳಿಯುತ್ತದೆ, ಪ್ರತಿ ಸಾಲಿನ ಮೊದಲ ಎರಡು ಮೂರು ಪದ ಮಾತ್ರ ಬೀಳುತ್ತವೆ. ಆ ಜಾಗದಲ್ಲಿ ‘ಟ್ರೇನ್ಡ್’, ‘ರಿಡ್ಯೂಸ್ಡ್’, ‘ಶೆಡ್ಯೂಲ್ಡ್’ ಅಂತ ಕಂಡರೆ ಈ ಮನುಷ್ಯ ಏನು ಮಾಡಬಲ್ಲ ಅನ್ನುವುದು ಅಷ್ಟರಲ್ಲೇ ಗೊತ್ತಾಗುತ್ತದೆ.

ಅದೇ ಫೀಲ್ಡಿನಲ್ಲಿ ಮುಂದುವರಿಯುವವರಿಗೆ ಇದು ಅಷ್ಟು ದೊಡ್ಡ ವಿಷಯವಲ್ಲ. ‘ಫ್ಲೋರ್ ಇನ್‌ಚಾರ್ಜ್, ಎರಡು ಲೈನ್’ ಅಂದರೆ ಇನ್ನೊಂದು ಗಾರ್ಮೆಂಟ್ಸ್‌ನವರಿಗೆ ಎಲ್ಲ ಅರ್ಥವಾಗುತ್ತದೆ. ವೇರ್‌ಹೌಸ್‌ನವರಿಗೆ ಆ ಹುದ್ದೆಯ ಹೆಸರಿನಿಂದ ಏನೂ ತಿಳಿಯುವುದಿಲ್ಲ. ಅವರಿಗೆ ಪರಿಚಯವಿರುವುದು ಕೆಲಸ: ಜನರನ್ನು ಹಂಚುವುದು, ಕಲಿಸುವುದು, ತಪ್ಪು ಇಳಿಸುವುದು, ಹೊತ್ತಿಗೆ ಸರಿಯಾಗಿ ಮಾಲು ಕಳಿಸುವುದು. ಈ ಕೆಲಸಗಳ ಹೆಸರೇ ಕ್ರಿಯಾಪದ. ಹಾಗಾಗಿ ಫೀಲ್ಡ್ ಬದಲಿಸುವವರಿಗೆ ಸಾಲಿನ ಮೊದಲ ಪದವೇ ಎರಡು ಫೀಲ್ಡಿನ ನಡುವೆ ಕೂಡುವ ಜಾಗ.

‘ರೆಸ್ಪಾನ್ಸಿಬಲ್ ಫಾರ್’, ‘ಲುಕಿಂಗ್ ಆಫ್ಟರ್’, ‘ಹ್ಯಾಂಡ್ಲಿಂಗ್’ ಅಂತ ಬರೆದರೆ ಏನು ತೊಂದರೆ?

ಇವು ನಿಮಗೆ ಒಪ್ಪಿಸಿದ್ದನ್ನು ಹೇಳುತ್ತವೆ, ನೀವು ಮಾಡಿದ್ದನ್ನು ಹೇಳುವುದಿಲ್ಲ. ‘ಎರಡು ಲೈನ್‌ಗಳ ಪ್ರೊಡಕ್ಷನ್‌ಗೆ ರೆಸ್ಪಾನ್ಸಿಬಲ್’ ಅನ್ನುವ ಸಾಲನ್ನು ಚೆನ್ನಾಗಿ ಕೆಲಸ ಮಾಡಿದವರೂ ಬರೆಯಬಹುದು, ಲೈನ್ ಹಾಳುಮಾಡಿದವರೂ ಬರೆಯಬಹುದು. ಇಬ್ಬರಿಗೂ ಜವಾಬ್ದಾರಿ ಇತ್ತು ಅನ್ನುವುದು ನಿಜ ತಾನೇ?

ಇಂಥ ಸಾಲುಗಳು ಹೆಚ್ಚಾಗಿ ಕಂಪನಿ ಕೊಟ್ಟ ಜಾಬ್ ಡಿಸ್ಕ್ರಿಪ್ಷನ್‌ನಿಂದ ಎತ್ತಿದವು. ನಿಮ್ಮ ಸಾಲು ಹಾಗಿದೆಯಾ ಅಂತ ನೋಡಲು ಸುಲಭದ ದಾರಿ ಇದೆ. ನಿಮ್ಮ ಪಕ್ಕದ ಲೈನಿನ ಸೂಪರ್‌ವೈಸರ್ ತಮ್ಮ ರೆಸ್ಯೂಮೆಯಲ್ಲಿ ಅದೇ ಸಾಲನ್ನು ಒಂದಕ್ಷರ ಬದಲಿಸದೆ ಹಾಕಿಕೊಳ್ಳಬಹುದಾ? ಹೌದು ಅಂದರೆ ಅದು ಹುದ್ದೆಯ ಸಾಲು, ನಿಮ್ಮ ಸಾಲಲ್ಲ.

ಹಾಗಾದರೆ ಯಾವ ಕ್ರಿಯಾಪದ ಆರಿಸಬೇಕು? ನೆಟ್‌ನಲ್ಲಿ ನೂರಾರು ಪದಗಳ ಪಟ್ಟಿ ಸಿಗುತ್ತದಲ್ಲ?

ಪಟ್ಟಿಯಿಂದ ಶುರುಮಾಡಬೇಡಿ. ಪಟ್ಟಿ ಎದುರಿಗಿದ್ದರೆ ಚೆಂದದ ಪದ ಮೊದಲು ಸಿಗುತ್ತದೆ, ಆಮೇಲೆ ಅದಕ್ಕೆ ತಕ್ಕ ಕೆಲಸ ಹುಡುಕುತ್ತೇವೆ. ಸಾಲು ಸುಳ್ಳಿನ ಕಡೆ ವಾಲುವುದು ಅಲ್ಲೇ.

ಮೊದಲು ನಿಮಗೆ ಬೇಕಾದ ಕೆಲಸದ ಐದಾರು ಜಾಹೀರಾತು ತೆಗೆದು ಪಕ್ಕಪಕ್ಕ ಇಟ್ಟುಕೊಳ್ಳಿ. ಒಂದೇ ಕಂಪನಿಯದ್ದು ಬೇಡ, ಬೇರೆ ಬೇರೆ ಇರಲಿ. ಅವುಗಳಲ್ಲಿ ಬರುವ ಕ್ರಿಯಾಪದಗಳಿಗೆ ಗೆರೆ ಎಳೆಯಿರಿ. ವೇರ್‌ಹೌಸ್ ಶಿಫ್ಟ್ ಮ್ಯಾನೇಜರ್ ಜಾಹೀರಾತುಗಳಲ್ಲಿ ಸಾಮಾನ್ಯವಾಗಿ ಬರುವ ಕೆಲಸಗಳು ಇವು: ಶಿಫ್ಟ್‌ಗೆ ಜನ ಹೊಂದಿಸುವುದು, ಗಂಟೆಗೆ ಇಷ್ಟು ಯೂನಿಟ್ ಅನ್ನುವ ಗುರಿ ಮುಟ್ಟಿಸುವುದು, ಪಿಕಿಂಗ್ ಪ್ಯಾಕಿಂಗ್‌ನ ತಪ್ಪು ಕಡಿಮೆ ಮಾಡುವುದು, ಸ್ಟಾಕ್ ಎಣಿಕೆ ತಾಳೆ ನೋಡುವುದು, ಹೊಸಬರಿಗೆ ತರಬೇತಿ ಕೊಡುವುದು, ಟ್ರಕ್ ಹೊರಡುವ ಹೊತ್ತಿಗೆ ಮಾಲು ರೆಡಿ ಇಡುವುದು.

ಈಗ ಇನ್‌ಚಾರ್ಜ್ ತಮ್ಮ 14 ವರ್ಷದಲ್ಲಿ ಇದೇ ಕ್ರಿಯೆ ಎಲ್ಲಿತ್ತು ಅಂತ ಹುಡುಕಬೇಕು. ವಸ್ತು ಬೇರೆ ಇರಲಿ, ಕ್ರಿಯೆ ಒಂದೇ ಆಗಿರಬೇಕು. ಬೆಳಗ್ಗೆ ಎಂಟು ಜನ ಗೈರಾದಾಗ ಯಾರನ್ನು ಯಾವ ಮೆಷಿನ್‌ಗೆ ಕೂರಿಸುವುದು ಅಂತ ಹತ್ತು ನಿಮಿಷದಲ್ಲಿ ತೀರ್ಮಾನ ಮಾಡುತ್ತಿದ್ದರಲ್ಲ, ಅದು ‘ರೀಅಸೈನ್ಡ್’. ಗಂಟೆಗೊಮ್ಮೆ ಬೋರ್ಡ್ ಮೇಲೆ ಪೀಸ್ ಲೆಕ್ಕ ಬರೆದು ಹಿಂದೆ ಬಿದ್ದಿದ್ದು ಯಾಕೆ ಅಂತ ನೋಡುತ್ತಿದ್ದುದು ‘ಟ್ರ್ಯಾಕ್ಡ್’. ಚೆಕಿಂಗ್‌ನಲ್ಲಿ ಒಂದೇ ಥರದ ಡಿಫೆಕ್ಟ್ ಬರುತ್ತಿದ್ದಾಗ ಹಿಂದೆ ಹಿಂದೆ ಹೋಗಿ ಯಾವ ಆಪರೇಷನ್‌ನಲ್ಲಿ ಶುರುವಾಯಿತು ಅಂತ ಕಂಡುಹಿಡಿದದ್ದು ‘ಟ್ರೇಸ್ಡ್’. ಹೆಲ್ಪರ್‌ಗಳಿಗೆ ಮೆಷಿನ್ ಕಲಿಸಿ ಟೈಲರ್ ಮಾಡಿದ್ದು ‘ಟ್ರೇನ್ಡ್’. ಪ್ಯಾಕಿಂಗ್ ಲಿಸ್ಟಿಗೂ ಕಾರ್ಟನ್‌ನಲ್ಲಿ ಇರುವುದಕ್ಕೂ ತಾಳೆ ನೋಡಿದ್ದು ‘ರೆಕನ್ಸೈಲ್ಡ್’. ಶಿಪ್‌ಮೆಂಟ್ ದಿನಕ್ಕೆ ಕಂಟೇನರ್ ತುಂಬಿಸಿ ಕಳಿಸಿದ್ದು ‘ಡಿಸ್‌ಪ್ಯಾಚ್ಡ್’.

ನೋಡಿ, ಹೊಲಿಗೆ ಅನ್ನುವ ಪದ ಒಂದು ಕಡೆಯೂ ಬರಲಿಲ್ಲ. ಬರಬಾರದು ಅಂತಲ್ಲ. ಹೊಸ ಫೀಲ್ಡಿನವರಿಗೆ ಬೇಕಾದದ್ದು ಹೊಲಿಗೆಯ ಸುತ್ತ ನಡೆಯುತ್ತಿದ್ದ ಕೆಲಸ, ಅಷ್ಟೇ.

ಹುಡುಕಿಯೂ ಸಿಗದ ಕ್ರಿಯೆಗಳು ಒಂದೆರಡು ಉಳಿಯುತ್ತವೆ. ಅವನ್ನು ಬೇರೆ ಹಾಳೆಯಲ್ಲಿ ಬರೆದಿಡಿ. ಅವುಗಳ ಬಗ್ಗೆ ಮುಂದೆ ಹೇಳುತ್ತೇನೆ.

ಒಂದು ಸಾಲನ್ನು ಮೊದಲಿಂದ ಕೊನೆವರೆಗೆ ಬರೆದು ತೋರಿಸುತ್ತೀರಾ?

ಇನ್‌ಚಾರ್ಜ್‌ ಅವರ ಹಳೆಯ ಸಾಲು ಹೀಗಿತ್ತು ಅಂದುಕೊಳ್ಳೋಣ: ‘ರೆಸ್ಪಾನ್ಸಿಬಲ್ ಫಾರ್ ಲೈನ್ ಬ್ಯಾಲೆನ್ಸಿಂಗ್ ಮತ್ತು ಎಫಿಶಿಯೆನ್ಸಿ ಹೆಚ್ಚಿಸುವುದು’.

ಮೊದಲು ನಿಜವಾಗಿ ನಡೆದದ್ದೇನು ಅಂತ ಕೇಳಬೇಕು. ಶರ್ಟ್ ಲೈನು, 45 ಜನ ಆಪರೇಟರ್‌ಗಳು, 8 ಗಂಟೆ ಅಂದರೆ 480 ನಿಮಿಷ. ಕಾಲರ್ ಅಟ್ಯಾಚ್ ಮಾಡುವ ಕಡೆ ಬಂಡಲ್‌ಗಳು ರಾಶಿ ಬೀಳುತ್ತಿದ್ದವು, ಅದರ ಮುಂದಿನವರು ಕೈ ಖಾಲಿ ಕೂರುತ್ತಿದ್ದರು. ಇನ್‌ಚಾರ್ಜ್ ಪ್ರತಿ ಆಪರೇಷನ್‌ನ ಟೈಮ್ ತೆಗೆದುಕೊಂಡರು. ಸುಲಭದ ಆಪರೇಷನ್‌ನಲ್ಲಿದ್ದ ಇಬ್ಬರಿಗೆ ಕಾಲರ್ ಕಲಿಸಿದರು, ರಾಶಿ ಬಿದ್ದಾಗ ಅವರನ್ನು ಅಲ್ಲಿಗೆ ಕೂರಿಸಿದರು. ದಿನಕ್ಕೆ 600 ಪೀಸ್ ಬರುತ್ತಿದ್ದ ಲೈನ್ 700ಕ್ಕೆ ಬಂತು.

ಗಾರ್ಮೆಂಟ್ಸ್‌ನಲ್ಲಿ ಇದನ್ನು ಎಫಿಶಿಯೆನ್ಸಿಯಲ್ಲಿ ಹೇಳುತ್ತಾರೆ. ಆ ಶರ್ಟಿಗೆ ನಿಗದಿಯಾದ ಸಮಯ, ಅಂದರೆ ಎಸ್ಎಎಂ, 20 ನಿಮಿಷ ಅಂತ ಇಟ್ಟುಕೊಂಡರೆ ಲೆಕ್ಕ ಹೀಗೆ:

```
600 × 20 ÷ (45 × 480) = 55.6%
700 × 20 ÷ (45 × 480) = 64.8%
```

‘ಎಫಿಶಿಯೆನ್ಸಿ 56ರಿಂದ 65ಕ್ಕೆ’ ಅಂತ ಬರೆದರೆ ಗಾರ್ಮೆಂಟ್ಸ್‌ನವರು ತಲೆ ಆಡಿಸುತ್ತಾರೆ. ವೇರ್‌ಹೌಸ್‌ನವರಿಗೆ ಎಸ್ಎಎಂ ಗೊತ್ತಿಲ್ಲ, ಹಾಗಾಗಿ 65 ಕಡಿಮೆ ಅನಿಸಿ, ‘ಉಳಿದ 35 ಎಲ್ಲಿ ಹೋಯಿತು’ ಅಂದುಕೊಳ್ಳಬಹುದು. ಅವರಿಗೆ ತಟ್ಟನೆ ಅರ್ಥವಾಗುವುದು ‘ಅದೇ ಜನ, ಅದೇ ಶಿಫ್ಟ್, ಔಟ್‌ಪುಟ್ ಜಾಸ್ತಿ’ ಅನ್ನುವುದು. ಆದ್ದರಿಂದ ಸಾಲು ಹೀಗಾಗುತ್ತದೆ:

• ರೀಬ್ಯಾಲೆನ್ಸ್ಡ್: 45 ಜನರ ಶಿಫ್ಟ್‌ನಲ್ಲಿ ಕೆಲಸ ನಿಲ್ಲುವ ಜಾಗ ಗುರುತಿಸಿ, ಜನರನ್ನು ಮರುಹಂಚಿಕೆ ಮಾಡಿ, ಹೊಸಬರನ್ನು ಸೇರಿಸದೆ ದಿನದ ಔಟ್‌ಪುಟ್ 600ರಿಂದ 700ಕ್ಕೆ.

ಕ್ರಿಯಾಪದ, ಯಾವುದರ ಮೇಲೆ, ಹೇಗೆ, ಏನಾಯಿತು. ನಾಲ್ಕೂ ಇವೆ. ಇದರಲ್ಲಿ ‘ಹೇಗೆ’ ಅನ್ನುವುದನ್ನು ಜನ ಜಾಸ್ತಿ ಬಿಡುತ್ತಾರೆ. ಫೀಲ್ಡ್ ಬದಲಿಸುವವರಿಗೆ ಅದೇ ಮುಖ್ಯ. ಫಲಿತಾಂಶ ಗಾರ್ಮೆಂಟ್ಸ್‌ನದ್ದು, ಅದು ಅಲ್ಲೇ ಉಳಿಯುತ್ತದೆ. ಹೊಸ ಕೆಲಸಕ್ಕೆ ನಿಮ್ಮ ಜೊತೆ ಬರುವುದು ವಿಧಾನ. ಪ್ಯಾಕಿಂಗ್ ಟೇಬಲ್ ಮುಂದೆ ಟೋಟ್‌ಗಳು, ಅಂದರೆ ಮಾಲು ತುಂಬಿದ ಡಬ್ಬಿಗಳು, ರಾಶಿ ಬಿದ್ದಾಗಲೂ ಮಾಡಬೇಕಾದದ್ದು ಇದನ್ನೇ.

ಒಂದು ಎಚ್ಚರಿಕೆ ಹೇಳಲೇಬೇಕು. ಹೊಸ ಸ್ಟೈಲ್ ಲೈನಿಗೆ ಬಂದಾಗ ಮೊದಲ ಕೆಲವು ದಿನ ಔಟ್‌ಪುಟ್ ಕಡಿಮೆಯೇ ಇರುತ್ತದೆ, ಕೈ ಕೂತ ಮೇಲೆ ತಾನಾಗಿ ಏರುತ್ತದೆ. ಎರಡನೇ ದಿನದ ಲೆಕ್ಕವನ್ನೂ ಹನ್ನೆರಡನೇ ದಿನದ ಲೆಕ್ಕವನ್ನೂ ಹೋಲಿಸಿ ‘ನಾನು ಹೆಚ್ಚಿಸಿದೆ’ ಅಂದರೆ ಅದು ಸರಿಯಲ್ಲ. ಕೈ ಕೂತ ನಂತರದ ದಿನಗಳನ್ನೇ ಹೋಲಿಸಬೇಕು, ಸ್ಟೈಲ್ ಕೂಡ ಒಂದೇ ಇರಬೇಕು. ಜೇಬಿಲ್ಲದ ಶರ್ಟಿನ 700ಕ್ಕೂ ಎರಡು ಜೇಬಿನ ಶರ್ಟಿನ 600ಕ್ಕೂ ಹೋಲಿಕೆ ಇಲ್ಲ. ಸ್ಟೈಲ್‌ಗಳು ಬೇರೆ ಬೇರೆ ಇದ್ದರೆ ಶೇಕಡಾವಾರು ಎಫಿಶಿಯೆನ್ಸಿಯೇ ಸರಿಯಾದ ಅಳತೆ. ಆಗ ‘ನಿಗದಿತ ಸಮಯಕ್ಕೆ ಹೋಲಿಸಿದರೆ’ ಅಂತ ಮೂರು ಪದ ಸೇರಿಸಿ ಬರೆಯಿರಿ. ನಿಮ್ಮ ಫೀಲ್ಡಿನಲ್ಲೂ ಇಂಥದ್ದು ಇರುತ್ತದೆ: ಸೀಸನ್‌ನಲ್ಲಿ ಏರುವ ಮಾರಾಟ, ಬೇಸಿಗೆಯಲ್ಲಿ ಇಳಿಯುವ ದೂರು. ತಾನಾಗಿ ಆಗುವುದನ್ನು ನಿಮ್ಮ ಕ್ರಿಯಾಪದದ ಲೆಕ್ಕಕ್ಕೆ ಸೇರಿಸಬೇಡಿ. ಅನುಭವಿ ಮ್ಯಾನೇಜರ್ ಎದುರಿಗೆ ಕೂತರೆ ಮೊದಲು ಕೇಳುವ ಪ್ರಶ್ನೆಯೇ ಅದು.

ನನ್ನ ಹತ್ತಿರ ಅಂಕಿಗಳೇ ಇಲ್ಲ. ಏನು ಮಾಡಲಿ?

ಅಂಕಿ ಅಂದ ತಕ್ಷಣ ಶೇಕಡಾ ಎಷ್ಟು ಉಳಿತಾಯ ಅಂತಲೇ ಯೋಚಿಸುತ್ತೇವೆ. ಫಲಿತಾಂಶದ ಅಂಕಿ ಇಲ್ಲದಿದ್ದರೆ ಕೆಲಸದ ಗಾತ್ರದ ಅಂಕಿ ಕೊಡಿ. ಎಷ್ಟು ಜನ, ದಿನಕ್ಕೆ ಎಷ್ಟು ಪೀಸ್, ಎಷ್ಟು ಶಿಫ್ಟ್, ವಾರಕ್ಕೆ ಎಷ್ಟು ಡಿಸ್‌ಪ್ಯಾಚ್. ಇವು ನಿಮ್ಮ ತಲೆಯಲ್ಲೇ ಇವೆ. ‘ಟ್ರೇನ್ಡ್: ಹೊಸದಾಗಿ ಸೇರಿದ 30 ಹೆಲ್ಪರ್‌ಗಳಿಗೆ ಎರಡು ವಾರದ ಆನ್-ದ-ಜಾಬ್ ತರಬೇತಿ’ ಅನ್ನುವ ಸಾಲಿನಲ್ಲಿ ಶೇಕಡಾ ಇಲ್ಲ, ಆದರೂ ಕೆಲಸ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.

ಹಳೆಯ ಅಪ್ರೈಸಲ್ ಪತ್ರ ನೋಡಿ. ನೀವೇ ಮೇಲಿನವರಿಗೆ ಕಳಿಸುತ್ತಿದ್ದ ದಿನದ ರಿಪೋರ್ಟ್ ಮೆಸೇಜ್‌ಗಳು ನಿಮ್ಮ ಫೋನಿನಲ್ಲಿ ಉಳಿದಿದ್ದರೆ ನೆನಪಿಗೆ ಸಹಾಯವಾಗುತ್ತದೆ. ಕಂಪನಿಯ ಫೈಲುಗಳನ್ನು ಮಾತ್ರ ಕಾಪಿ ಮಾಡಿಕೊಂಡು ಬರಬೇಡಿ, ಅದು ಬೇರೆಯದೇ ತೊಂದರೆ.

ಕರಾರುವಾಕ್ಕಾಗಿ ನೆನಪಿಲ್ಲದಿದ್ದರೆ ‘ಸುಮಾರು’ ಅಂತ ಹಾಕಿ ಗುಂಡಗಿನ ಸಂಖ್ಯೆ ಬರೆಯಿರಿ. ಊಹಿಸಿದ್ದಕ್ಕೆ ದಶಮಾಂಶ ಕೊಡಬೇಡಿ. ‘ಸುಮಾರು 40 ಜನ’ ನಂಬಿಕೆ ಹುಟ್ಟಿಸುತ್ತದೆ. ‘ಶೇ 23.7 ಇಳಿಕೆ’ ಅಂದರೆ ಲೆಕ್ಕ ತೋರಿಸಿ ಅನ್ನುತ್ತಾರೆ.

ಎಲ್ಲ ಟೀಮ್ ಮಾಡಿದ ಕೆಲಸ. ‘ಲೆಡ್’ ಅಂತ ಬರೆಯಬಹುದಾ?

ನೀವು ಇಲ್ಲದಿದ್ದರೆ ಆ ತೀರ್ಮಾನ ಯಾರು ತೆಗೆದುಕೊಳ್ಳುತ್ತಿದ್ದರು? ಉತ್ತರ ‘ಯಾರೂ ಇಲ್ಲ, ನಾನೇ’ ಅಂದರೆ ಲೆಡ್. ‘ಪ್ರೊಡಕ್ಷನ್ ಮ್ಯಾನೇಜರ್ ಹೇಳಿದ್ದನ್ನು ನಾನು ನನ್ನ ಲೈನಿನಲ್ಲಿ ಮಾಡಿಸಿದೆ’ ಅಂದರೆ ‘ಇಂಪ್ಲಿಮೆಂಟೆಡ್’ ಅಥವಾ ‘ರೋಲ್ಡ್ ಔಟ್’. ‘ಐಇ, ಅಂದರೆ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಡಿಪಾರ್ಟ್‌ಮೆಂಟ್‌ನವರು ಟೈಮ್ ಸ್ಟಡಿ ಮಾಡಿದರು, ನಾನು ಆಪರೇಟರ್‌ಗಳನ್ನು ಕೊಟ್ಟು ಡೇಟಾ ಕೊಟ್ಟೆ’ ಅಂದರೆ ‘ಸಪೋರ್ಟೆಡ್’.

ಸಪೋರ್ಟೆಡ್ ಅಂತ ಬರೆದರೆ ಚಿಕ್ಕವರಾಗಿಬಿಡುತ್ತೇವೆ ಅನ್ನುವ ಭಯ ಬೇಡ. ಆರು ಸಾಲಿನಲ್ಲಿ ಆರೂ ‘ಲೆಡ್’ ಅಂತಿದ್ದರೆ ಓದುವವರು ಒಂದನ್ನೂ ನಂಬುವುದಿಲ್ಲ. ಎರಡು ಲೆಡ್, ಒಂದು ಸಪೋರ್ಟೆಡ್ ಇದ್ದರೆ ಆ ಎರಡಕ್ಕೂ ತೂಕ ಬರುತ್ತದೆ. ಇನ್ನೊಂದು ಕಾರಣವೂ ಇದೆ. ಅನುಭವಿಗಳ ಇಂಟರ್‌ವ್ಯೂ ನಡೆಯುವುದೇ ರೆಸ್ಯೂಮೆ ಕೈಯಲ್ಲಿ ಹಿಡಿದು. ‘ಇದನ್ನು ನೀವು ಲೆಡ್ ಮಾಡಿದಿರಿ ಅಂತ ಬರೆದಿದ್ದೀರಿ, ಯಾರು ಬೇಡ ಅಂದರು, ಅವರನ್ನು ಹೇಗೆ ಒಪ್ಪಿಸಿದಿರಿ?’ ಅಂತ ಕೇಳುತ್ತಾರೆ. ಈ ಪ್ರಶ್ನೆಗೆ ಎರಡು ಮೂರು ನಿಮಿಷ ನಿಲ್ಲದೆ ಉತ್ತರ ಹೇಳಲಾಗದಿದ್ದರೆ ಕ್ರಿಯಾಪದವನ್ನು ಒಂದು ಮೆಟ್ಟಿಲು ಇಳಿಸಿ.

‘ಸ್ಪಿಯರ್‌ಹೆಡೆಡ್’, ‘ಆರ್ಕೆಸ್ಟ್ರೇಟೆಡ್’, ‘ಲೆವರೇಜ್ಡ್’ ಥರದ ಪದಗಳು ಬೇಕಾ?

ಬೇಡ. ಇವು ಯಾವ ಕೆಲಸವನ್ನೂ ಕಣ್ಣಿಗೆ ತರುವುದಿಲ್ಲ. ‘ಟ್ರೇನ್ಡ್’ ಅಂದರೆ ಒಬ್ಬರು ಇನ್ನೊಬ್ಬರಿಗೆ ಕಲಿಸುವುದು ಕಾಣುತ್ತದೆ, ‘ಲೆವರೇಜ್ಡ್’ ಅಂದರೆ ಏನೂ ಕಾಣುವುದಿಲ್ಲ. ನೀವು ಇಂಟರ್‌ವ್ಯೂನಲ್ಲಿ ಬಾಯಿಬಿಟ್ಟು ಆಡದ ಪದವನ್ನು ರೆಸ್ಯೂಮೆಯಲ್ಲೂ ಹಾಕಬೇಡಿ.

ಹಾಗೆಯೇ ಒಂದೇ ಪದ ಮತ್ತೆ ಬರಬಾರದು ಅಂತ ಒದ್ದಾಡುವುದೂ ಬೇಡ. ಎರಡು ಸಾಲಿನಲ್ಲಿ ‘ರಿಡ್ಯೂಸ್ಡ್’ ಬಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಎರಡನೆಯದಕ್ಕೆ ‘ಡಿಮಿನಿಶ್ಡ್’ ಅಂತ ಹಾಕಿದರೆ ಓದುವಾಗ ಎಡವುತ್ತಾರೆ. ನಾಲ್ಕು ಸಲ ಬಂದರೆ ಮಾತ್ರ ಯೋಚಿಸಿ. ಆಗಲೂ ಹೆಚ್ಚಾಗಿ ತೊಂದರೆ ಪದದಲ್ಲಿ ಇರುವುದಿಲ್ಲ. ನೀವು ಒಂದೇ ಥರದ ಕೆಲಸವನ್ನು ನಾಲ್ಕು ಸಾಲು ಮಾಡಿದ್ದೀರಿ ಅಂತ ಅರ್ಥ.

ಒಂದು ಸಾಲು ಎಷ್ಟು ಉದ್ದ ಇರಬೇಕು? ಒಂದು ಕೆಲಸಕ್ಕೆ ಎಷ್ಟು ಸಾಲು?

ಪುಟದ ಮೇಲೆ ಒಂದೂವರೆ ಸಾಲು, ಜಾಸ್ತಿ ಅಂದರೆ ಎರಡು. ಮೂರನೇ ಸಾಲಿಗೆ ಹೋಯಿತು ಅಂದರೆ ಒಳಗೆ ಎರಡು ಕೆಲಸ ಇವೆ, ಒಡೆಯಿರಿ. ಇತ್ತೀಚಿನ ಕೆಲಸಕ್ಕೆ ಐದು ಆರು ಬುಲೆಟ್, ಅದರ ಹಿಂದಿನದಕ್ಕೆ ಎರಡು ಮೂರು ಸಾಕು.

ಕತ್ತರಿಸುವಾಗ ಮೊದಲು ಹೋಗಬೇಕಾದದ್ದು ವಿಶೇಷಣಗಳು: ‘ಯಶಸ್ವಿಯಾಗಿ’, ‘ಪರಿಣಾಮಕಾರಿಯಾಗಿ’, ‘ವಿವಿಧ’. ಆಮೇಲೆ ‘ನಾನು’, ‘ನನ್ನ’. ರೆಸ್ಯೂಮೆಯಲ್ಲಿ ಕರ್ತೃ ನೀವೇ ಅಂತ ಎಲ್ಲರಿಗೂ ಗೊತ್ತು. ಆಮೇಲೆ ಕಂಪನಿಯ ಬಗ್ಗೆ ಬರೆದ ಮಾತುಗಳು. ಅಂಕಿಯನ್ನೂ ವಿಧಾನವನ್ನೂ ಕೊನೆಯವರೆಗೆ ಕತ್ತರಿಸಬೇಡಿ.

ಸಾಲುಗಳ ಕ್ರಮದ ಬಗ್ಗೆ ಕೇಳುವವರು ಕಡಿಮೆ, ಆದರೆ ಅದಕ್ಕೆ ಬೆಲೆ ಜಾಸ್ತಿ. ಹಳೆಯ ಕಂಪನಿಯಲ್ಲಿ ಯಾವುದು ದೊಡ್ಡ ಸಾಧನೆ ಅನಿಸಿಕೊಂಡಿತೋ ಅದು ಮೊದಲು ಬರಬೇಕಾಗಿಲ್ಲ. ಇನ್‌ಚಾರ್ಜ್‌ಗೆ ಬಯರ್, ಅಂದರೆ ಬಟ್ಟೆ ಕೊಳ್ಳುವ ಬ್ರ್ಯಾಂಡ್, ನಡೆಸಿದ ಆಡಿಟ್‌ನಲ್ಲಿ ಒಳ್ಳೆಯ ಹೆಸರು ಬಂದದ್ದು ದೊಡ್ಡ ವಿಷಯ. ವೇರ್‌ಹೌಸ್‌ನವರು ಮೊದಲು ನೋಡುವುದು ಶಿಫ್ಟ್‌ಗೆ ಜನ ಹೊಂದಿಸಿದ್ದನ್ನು. ಅದೇ ಮೇಲಿರಲಿ.

ಕಂಪನಿಗಳ ಸಾಫ್ಟ್‌ವೇರ್ ಕ್ರಿಯಾಪದ ನೋಡಿ ರೆಸ್ಯೂಮೆ ಆರಿಸುತ್ತದೆ ಅನ್ನುತ್ತಾರೆ. ನಿಜವಾ?

ದೊಡ್ಡ ಕಂಪನಿಗಳು ಅರ್ಜಿಗಳನ್ನು ಎಟಿಎಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಇಡುತ್ತವೆ, ಅದರೊಳಗೆ ಹುಡುಕುತ್ತವೆ. ನೌಕರಿ ವೆಬ್‌ಸೈಟ್‌ಗಳಲ್ಲೂ ರಿಕ್ರೂಟರ್‌ಗಳು ಹುಡುಕಿಯೇ ತೆಗೆಯುತ್ತಾರೆ. ಆದರೆ ಅವರು ಟೈಪ್ ಮಾಡುವುದು ಕೆಲಸದ ಹೆಸರು, ಕೌಶಲ್ಯದ ಹೆಸರು, ಟೂಲಿನ ಹೆಸರು, ಊರು. ‘ಇನ್ವೆಂಟರಿ’, ‘ಡಿಸ್‌ಪ್ಯಾಚ್’, ‘ಶಿಫ್ಟ್ ಪ್ಲಾನಿಂಗ್’ ಅಂತ ಹುಡುಕುತ್ತಾರೆ. ‘ಅಚೀವ್ಡ್’ ಅಂತ ಯಾರು ಹುಡುಕುತ್ತಾರೆ ಹೇಳಿ?

ಅಂದರೆ ಒಂದೇ ಸಾಲಿನಲ್ಲಿ ಎರಡು ಕೆಲಸ ನಡೆಯಬೇಕು. ಕ್ರಿಯಾಪದ ಓದುವ ಮನುಷ್ಯರಿಗೆ, ಅದರ ಮುಂದೆ ಬರುವ ನಾಮಪದ ಹುಡುಕಾಟಕ್ಕೆ. ಇನ್‌ಚಾರ್ಜ್ ‘ಪ್ಯಾಕಿಂಗ್ ಲಿಸ್ಟ್ ಚೆಕ್’ ಅಂತ ಬರೆಯುವ ಬದಲು ‘ಡಿಸ್‌ಪ್ಯಾಚ್‌ಗೆ ಮುಂಚೆ ಕಾರ್ಟನ್ ಇನ್ವೆಂಟರಿ’ ಅಂತ ಬರೆದರೆ ಎರಡೂ ಆಯಿತು. ಜಾಹೀರಾತಿನ ನಾಮಪದವನ್ನು ತಗೊಳ್ಳಿ, ಆದರೆ ನೀವು ನಿಜವಾಗಿ ಮಾಡಿದ ಕೆಲಸಕ್ಕೆ ಹೊಂದಿದರೆ ಮಾತ್ರ. ಟೇಬಲ್, ಟೆಕ್ಸ್ಟ್ ಬಾಕ್ಸ್, ಎರಡು ಕಾಲಂ ಇದ್ದರೆ ಕೆಲವು ಸಾಫ್ಟ್‌ವೇರ್ ಸಾಲುಗಳನ್ನು ಕಲಸಿ ಓದುತ್ತವೆ. ಸಾದಾ ಬುಲೆಟ್ ಸಾಕು.

ಹಳೆ ಫೀಲ್ಡಿನ ಪದಗಳನ್ನೆಲ್ಲ ತೆಗೆದುಹಾಕಬೇಕಾ?

ಎಲ್ಲ ಬೇಡ. ‘ಗಾರ್ಮೆಂಟ್ಸ್’, ‘ಎಕ್ಸ್‌ಪೋರ್ಟ್’ ಅಂತ ಒಂದೆರಡು ಕಡೆ ಇರಲೇಬೇಕು. ಎಲ್ಲ ಒರೆಸಿಬಿಟ್ಟರೆ ನೀವು ಏನೋ ಮುಚ್ಚಿಡುತ್ತಿದ್ದೀರಿ ಅನಿಸುತ್ತದೆ. ಬದಲಿಸಬೇಕಾದದ್ದು ಹೊರಗಿನವರಿಗೆ ತಿಳಿಯದ ಒಳಮಾತುಗಳನ್ನು.

‘ಡಿಎಚ್‌ಯು 9ರಿಂದ 5ಕ್ಕೆ’ ಅಂದರೆ ಹೊರಗಿನವರಿಗೆ ಅಕ್ಷರಗಳಷ್ಟೇ. ‘ಚೆಕ್ ಮಾಡಿದ ನೂರು ಪೀಸಿಗೆ 9 ಇದ್ದ ಡಿಫೆಕ್ಟ್ 5ಕ್ಕೆ’ ಅಂದರೆ ಯಾರಿಗಾದರೂ ತಿಳಿಯುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ಡಿಎಚ್‌ಯು ಎಣಿಸುವುದು ಡಿಫೆಕ್ಟ್‌ಗಳನ್ನು, ಕೆಟ್ಟ ಪೀಸ್‌ಗಳನ್ನಲ್ಲ. ಒಂದೇ ಪೀಸಿನಲ್ಲಿ ಎರಡು ಡಿಫೆಕ್ಟ್ ಇರಬಹುದು. ‘ಶೇ 9ರಷ್ಟು ಪೀಸ್ ಕೆಟ್ಟಿತ್ತು’ ಅಂತ ಬರೆದರೆ ಅರ್ಥವೇ ಬದಲಾಯಿತು. ಪದ ಬದಲಿಸುವಾಗ ಅಳತೆ ಬದಲಾಗದ ಹಾಗೆ ನೋಡಿಕೊಳ್ಳಿ.

‘ಲೈನ್’ ಅನ್ನುವುದನ್ನು ‘45 ಜನರ ಟೀಮ್’ ಮಾಡಬಹುದು. ‘ಸ್ಟೈಲ್ ಚೇಂಜ್‌ಓವರ್’ ಅನ್ನುವುದನ್ನು ‘ಹೊಸ ಪ್ರಾಡಕ್ಟ್‌ಗೆ ಲೈನ್ ಬದಲಿಸುವುದು’ ಅನ್ನಬಹುದು. ಹುದ್ದೆಯ ಹೆಸರನ್ನು ಮಾತ್ರ ಮುಟ್ಟಬೇಡಿ. ಅದು ಆಫರ್ ಲೆಟರ್‌ನಲ್ಲಿ, ರಿಲೀವಿಂಗ್ ಲೆಟರ್‌ನಲ್ಲಿ ಹೇಗಿದೆಯೋ ಹಾಗೇ ಇರಬೇಕು. ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ನಲ್ಲಿ ತಾಳೆ ನೋಡುವುದು ಅದನ್ನೇ. ‘ಫ್ಲೋರ್ ಇನ್‌ಚಾರ್ಜ್’ ಅನ್ನುವುದನ್ನು ‘ಆಪರೇಷನ್ಸ್ ಮ್ಯಾನೇಜರ್’ ಮಾಡಿದರೆ ಆಫರ್ ಬಂದ ಮೇಲೂ ಕೈತಪ್ಪಬಹುದು.

ಹೊಸ ಫೀಲ್ಡಿನ ಕೆಲವು ಕೆಲಸ ನಾನು ಮಾಡೇ ಇಲ್ಲ. ಅದಕ್ಕೆ ಯಾವ ಕ್ರಿಯಾಪದ?

ಮೊದಲೇ ಬೇರೆ ಹಾಳೆಯಲ್ಲಿ ಬರೆದಿಟ್ಟ ಕ್ರಿಯೆಗಳು ಇವೇ. ಇನ್‌ಚಾರ್ಜ್‌ಗೆ ಅದು ವೇರ್‌ಹೌಸ್ ಸಾಫ್ಟ್‌ವೇರ್. ಯಾವ ಮಾಲು ಯಾವ ರ‍್ಯಾಕ್‌ನಲ್ಲಿದೆ ಅಂತ ಸ್ಕ್ಯಾನ್ ಮಾಡಿ ನಡೆಸುವ ವ್ಯವಸ್ಥೆಯನ್ನು ಅವರು ಬಳಸಿಲ್ಲ. ಅದಕ್ಕೆ ಅನುಭವದ ಭಾಗದಲ್ಲಿ ಕ್ರಿಯಾಪದ ಇಲ್ಲ, ಇರಲೂಬಾರದು. ‘ಫೆಮಿಲಿಯರ್ ವಿತ್’ ಅಂತ ತೇಲಿಸಿ ಬರೆದರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಎರಡು ದಾರಿ ಇವೆ. ಹತ್ತಿರದ ನಿಜವಾದ ಅನುಭವ ಇದ್ದರೆ ಅದನ್ನು ಅದರದೇ ಹೆಸರಿನಲ್ಲಿ ಬರೆಯುವುದು ಒಂದು. ಉದಾಹರಣೆಗೆ, ‘ರೆಕಾರ್ಡೆಡ್: ಫ್ಯಾಕ್ಟರಿಯ ಇಆರ್‌ಪಿ ಸಾಫ್ಟ್‌ವೇರ್‌ನಲ್ಲಿ ದಿನದ ಔಟ್‌ಪುಟ್ ಮತ್ತು ಕಾರ್ಟನ್ ಲೆಕ್ಕ’. ಕೋರ್ಸ್ ಮಾಡಿ ‘ತರಬೇತಿ’ ಅನ್ನುವ ಭಾಗದಲ್ಲಿ ಹಾಕುವುದು ಇನ್ನೊಂದು. ಅಲ್ಲಿ ‘ಕಂಪ್ಲೀಟೆಡ್’ ಸರಿಯಾದ ಪದ. ಶಿಫ್ಟ್ ಮ್ಯಾನೇಜರ್‌ಗೆ ಸಾಫ್ಟ್‌ವೇರ್ ಬಾರದಿದ್ದರೂ ಕೆಲವರು ತಗೊಳ್ಳುತ್ತಾರೆ, ಕಲಿಸುತ್ತಾರೆ. 45 ಜನರನ್ನು ನಡೆಸಲು ಬಾರದವರನ್ನು ತಗೊಳ್ಳುವುದು ಕಷ್ಟ. ನಿಮ್ಮ ಹತ್ತಿರ ಇರುವುದು ಜನರನ್ನು ನಡೆಸುವ ಅನುಭವ. ಅದಕ್ಕೇ ಜಾಗ ಕೊಡಿ.

ಈಗಿನ ಕೆಲಸಕ್ಕೆ ಯಾವ ಕಾಲ? ಬಯರ್ ಹೆಸರು ಹಾಕಬಹುದಾ?

ಇನ್ನೂ ಅದೇ ಕೆಲಸದಲ್ಲಿದ್ದು ಇವತ್ತಿಗೂ ಮಾಡುತ್ತಿರುವುದಕ್ಕೆ ವರ್ತಮಾನ ಕಾಲ: ‘ಟ್ರೇನ್’, ‘ಶೆಡ್ಯೂಲ್’. ಮುಗಿದದ್ದಕ್ಕೆ ಭೂತಕಾಲ. ಒಂದೇ ಹುದ್ದೆಯಲ್ಲಿ ಎರಡೂ ಬರಬಹುದು, ತಪ್ಪಲ್ಲ. ‘ಟ್ರೇನಿಂಗ್’, ‘ಶೆಡ್ಯೂಲಿಂಗ್’ ಅಂತ ಶುರುಮಾಡಬೇಡಿ. ಅದು ಕೆಲಸದ ಹೆಸರಾಗುತ್ತದೆ, ಮಾಡಿದ್ದಾಗುವುದಿಲ್ಲ.

ಬಯರ್ ಹೆಸರು ಬೇಡ. ನಿಮ್ಮ ಕಂಪನಿಯ ಜೊತೆ ಗುಟ್ಟಿನ ಒಪ್ಪಂದ ಇರಬಹುದು. ‘ಯುರೋಪಿನ ರಿಟೇಲ್ ಬ್ರ್ಯಾಂಡ್’ ಅಂದರೆ ಸಾಕು. ದುಡ್ಡಿನ ಲೆಕ್ಕವನ್ನೂ ರೂಪಾಯಿಯಲ್ಲಿ ಹೇಳದೆ ಶೇಕಡಾದಲ್ಲಿ ಹೇಳಿ.

ಎಲ್ಲ ಸೇರಿಸಿದರೆ ಇನ್‌ಚಾರ್ಜ್ ಅವರ ಕೊನೆಯ ಆರು ವರ್ಷ ಹೇಗೆ ಕಾಣುತ್ತದೆ?

ಹೀಗೆ:

• ಶೆಡ್ಯೂಲ್ಡ್: ಎರಡು ಟೀಮ್‌ಗಳ ಸುಮಾರು 90 ಜನರ ದಿನದ ಕೆಲಸ ಹಂಚಿಕೆ, ಗೈರುಹಾಜರಿಗೆ ತಕ್ಕಂತೆ ಶಿಫ್ಟ್ ಶುರುವಾಗುವ ಮುಂಚೆಯೇ ಮರುಹಂಚಿಕೆ.

• ರೀಬ್ಯಾಲೆನ್ಸ್ಡ್: 45 ಜನರ ಶಿಫ್ಟ್‌ನಲ್ಲಿ ಕೆಲಸ ನಿಲ್ಲುವ ಜಾಗ ಗುರುತಿಸಿ ಜನರ ಮರುಹಂಚಿಕೆ, ಹೊಸಬರಿಲ್ಲದೆ ದಿನದ ಔಟ್‌ಪುಟ್ 600ರಿಂದ 700ಕ್ಕೆ.

• ರಿಡ್ಯೂಸ್ಡ್: ನೂರು ಪೀಸಿಗೆ 9 ಇದ್ದ ಡಿಫೆಕ್ಟ್ 5ಕ್ಕೆ, ಪದೇ ಪದೇ ಬರುವ ಮೂರು ತಪ್ಪುಗಳ ಮೂಲ ಹುಡುಕಿ ಅಲ್ಲೇ ಚೆಕಿಂಗ್ ಇಟ್ಟು.

• ರೆಕನ್ಸೈಲ್ಡ್: ಎಕ್ಸ್‌ಪೋರ್ಟ್ ಡಿಸ್‌ಪ್ಯಾಚ್‌ಗೆ ಮುಂಚೆ ಕಾರ್ಟನ್ ಇನ್ವೆಂಟರಿ ಮತ್ತು ಪ್ಯಾಕಿಂಗ್ ಲಿಸ್ಟ್.

• ಟ್ರೇನ್ಡ್: 30 ಹೆಲ್ಪರ್‌ಗಳಿಗೆ ಮೆಷಿನ್ ಕೆಲಸ, ಅವರಲ್ಲಿ ಇಬ್ಬರು ಈಗ ಸೂಪರ್‌ವೈಸರ್.

• ಸಪೋರ್ಟೆಡ್: ಐಇ ಟೀಮ್‌ನ ಟೈಮ್ ಸ್ಟಡಿಗೆ ಡೇಟಾ ಮತ್ತು ಆಪರೇಟರ್‌ಗಳ ಹೊಂದಾಣಿಕೆ.

ನಾಲ್ಕನೇ ಸಾಲಿನಲ್ಲಿ ಅಂಕಿ ಇಲ್ಲ. ನೆನಪಿದ್ದರೆ ತಿಂಗಳಿಗೆ ಎಷ್ಟು ಡಿಸ್‌ಪ್ಯಾಚ್ ಅಂತ ಸೇರಿಸಬಹುದು, ಇಲ್ಲದಿದ್ದರೆ ಹೀಗೇ ಇರಲಿ. ಎರಡನೆಯ ಸಾಲಿಗೆ ಇಂಟರ್‌ವ್ಯೂನಲ್ಲಿ ಖಂಡಿತ ಪ್ರಶ್ನೆ ಬರುತ್ತದೆ, ಅದನ್ನು ಬಾಯಲ್ಲಿ ಹೇಳಿ ಅಭ್ಯಾಸ ಮಾಡಿಕೊಂಡಿರಬೇಕು.

ಅದಕ್ಕೂ ಹಿಂದಿನ ಕೆಲಸಗಳು?

ಸೂಪರ್‌ವೈಸರ್ ಆಗಿದ್ದ ವರ್ಷಗಳಿಗೆ ಎರಡು ಸಾಲು, ಅದೂ ಮೇಲೆ ಬರದ ಕ್ರಿಯೆ ಇದ್ದರೆ. ಚೆಕರ್ ಆಗಿದ್ದದ್ದಕ್ಕೆ ಹುದ್ದೆ ಮತ್ತು ವರ್ಷ ಮಾತ್ರ ಸಾಕು, ಬುಲೆಟ್ ಬೇಡ. ಆದರೆ ಆ ಹೆಸರನ್ನು ತೆಗೆಯಬೇಡಿ. ಚೆಕರ್ ಆಗಿ ಸೇರಿದವರು ಅದೇ ಫ್ಲೋರಿನ ಇನ್‌ಚಾರ್ಜ್ ಆದರು ಅನ್ನುವುದನ್ನು ಹುದ್ದೆಗಳೇ ಒಂದರ ಕೆಳಗೊಂದು ನಿಂತು ಹೇಳುತ್ತವೆ, ಅದಕ್ಕೆ ಕ್ರಿಯಾಪದ ಬೇಕಾಗಿಲ್ಲ.